‘ತಗದಾರೋ, ನೀನ ಬಿಟ್ಟು ಬಂದಿಯೋ?’

ಕೆಲಸ ಹೋದ ಸುದ್ದಿ ನಮ್ಮ ಕಡೆಗೆ ಕಂಪನಿಯಿಂದ ಬರುವುದಿಲ್ಲ, ಬಸ್ಸಿನಿಂದ ಬರುತ್ತದೆ. ಪಂಚಮಿಗೋ ಯಲ್ಲಮ್ಮನ ಜಾತ್ರೆಗೋ ಮಾತ್ರ ಊರಿಗೆ ಬರುತ್ತಿದ್ದ ಹುಡುಗ ಒಂದು ಬುಧವಾರ ಮಧ್ಯಾಹ್ನ ಸವದತ್ತಿ ಬಸ್ ನಿಲ್ದಾಣದಲ್ಲಿ ಇಳಿಯುತ್ತಾನೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಹಗ್ಗದಿಂದ ಕಟ್ಟಿದ ಹಾಸಿಗೆ, ಇನ್ನೊಂದು ಕೈಯಲ್ಲಿ ಸಣ್ಣ ಗ್ಯಾಸ್ ಒಲೆ. ಗ್ಯಾಸ್ ಒಲೆ ತಂದನೆಂದರೆ ರೂಮು ಖಾಲಿ ಮಾಡಿಯೇ ಬಂದಿದ್ದಾನೆ ಎಂದರ್ಥ. ಓಣಿಯಲ್ಲಿ ಎದುರಾದ ಕಾಕಾ ಕೇಳುವ ಮೊದಲ ಪ್ರಶ್ನೆ: ‘ಯಾಕೋ, ತಗದಾರೋ, ನೀನ ಬಿಟ್ಟು ಬಂದಿಯೋ?’

ಉದ್ಯೋಗ ಕಡಿತದ ಸುದ್ದಿ ಬರೆಯುವವನು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ. ನಾವು ಅದನ್ನು ಮರೆತು ‘ಈಗ ಹ್ಯಾಂಗ ಅನಸಾಕತೈತಿ’ ಎಂದು ಕೇಳುತ್ತೇವೆ. ಅವನು ಕಣ್ಣೊರೆಸಿಕೊಳ್ಳುತ್ತಾನೆ, ನಾವು ಫೋಟೊ ಹೊಡೆಯುತ್ತೇವೆ. ಸಂಜೆ ಕಂಪನಿಯ ಇಮೇಲ್ ಬರುತ್ತದೆ, ನಾಲ್ಕೇ ಸಾಲು, ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ತಿರುಗಿಸಿ ಕೊನೆಯಲ್ಲಿ ಅಂಟಿಸುತ್ತೇವೆ. ಕಾರ್ಮಿಕರದು ಎಂಟು ಸಾಲು, ಆಡಳಿತ ಮಂಡಳಿಯದು ನಾಲ್ಕು ಸಾಲು, ತಕ್ಕಡಿ ಸರಿಯಾಯಿತು ಎಂದುಕೊಳ್ಳುತ್ತೇವೆ. ಓದಿದವನಿಗೆ ಮಾತ್ರ ಅಲ್ಲಿ ನಿಜಕ್ಕೂ ನಡೆದದ್ದೇನು ಎಂಬುದು ತಿಳಿದಿರುವುದಿಲ್ಲ.

ಸಮತೋಲನ ಎಂದರೆ ಇಬ್ಬರಿಗೂ ಸಮ ಜಾಗ ಎಂಬುದನ್ನು ನಾನು ಒಪ್ಪುವುದಿಲ್ಲ. ಕಂಪನಿಗೆ ಗೊತ್ತಿರುವ ಸಂಗತಿಗಳೇ ಬೇರೆ, ಕಾರ್ಮಿಕನಿಗೆ ಗೊತ್ತಿರುವವೇ ಬೇರೆ. ಒಟ್ಟು ಎಷ್ಟು ಜನರನ್ನು ತೆಗೆದರು, ಆರ್ಡರ್ ಎಷ್ಟು ಕುಸಿಯಿತು, ಅನುಮತಿಗೆ ಅರ್ಜಿ ಹಾಕಿದರೋ ಇಲ್ಲವೋ ಎಂಬುದು ಆಡಳಿತಕ್ಕೆ ಗೊತ್ತು. ಯಾವ ಕೋಣೆಗೆ ಕರೆದರು, ಯಾವ ಕಾಗದಕ್ಕೆ ಸಹಿ ಮಾಡಿಸಿದರು, ಓದಲು ಸಮಯ ಕೊಟ್ಟರೇ, ಅಕೌಂಟಿಗೆ ಎಷ್ಟು ಹಣ ಬಿತ್ತು ಎಂಬುದು ಕಾರ್ಮಿಕನಿಗೆ ಗೊತ್ತು. ಗುಮಾಸ್ತನನ್ನು ಕೇಳಬೇಕಾದದ್ದನ್ನು ಗಿರಾಕಿಯನ್ನು ಕೇಳಿ ಇಬ್ಬರನ್ನೂ ಸುಳ್ಳುಗಾರರನ್ನಾಗಿ ಮಾಡುವುದು ನಮ್ಮ ವೃತ್ತಿಯ ಹಳೆಯ ರೋಗ.

ಒಂದು ಪ್ರಕರಣವನ್ನು ಎದುರಿಗಿಟ್ಟುಕೊಂಡು ನೋಡೋಣ. 2020ರ ಜೂನ್. ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ ಯೂರೋ ಕ್ಲೋತಿಂಗ್ ಕಂಪನಿಯ ಗಾರ್ಮೆಂಟ್ ಘಟಕವಿತ್ತು. ಸ್ವೀಡನ್ನಿನ ಎಚ್‌ ಆ್ಯಂಡ್ ಎಂ ಬ್ರ್ಯಾಂಡಿಗೆ ಬಟ್ಟೆ ಹೊಲಿಯುತ್ತಿದ್ದ 1,200ಕ್ಕೂ ಹೆಚ್ಚು ಕೈಗಳು, ಬಹುಪಾಲು ಹೆಣ್ಣುಮಕ್ಕಳು. ಜೂನ್ ಮೊದಲ ವಾರದಲ್ಲಿ ಯಂತ್ರಗಳನ್ನು ಸಾಗಿಸಲು ನೋಡಿದ್ದು ಅವರ ಕಣ್ಣಿಗೆ ಬಿತ್ತು. ಬೆನ್ನಿಗೇ ಲೇ-ಆಫ್ ನೋಟಿಸ್ ಬಂತು. ಹೆಣ್ಣುಮಕ್ಕಳು ಕಾರ್ಖಾನೆಯಲ್ಲೇ ಧರಣಿ ಕುಳಿತರು, ಅದು ವಾರಗಟ್ಟಲೆ ನಡೆಯಿತು.

ಆಡಳಿತದ ವಾದ: ಕೊರೊನಾದಿಂದ ಆರ್ಡರ್ ಬಿದ್ದುಹೋಗಿದೆ, ಈ ಘಟಕ ನಡೆಸಲಾಗದು. ಗಾರ್ಮೆಂಟ್ ಆ್ಯಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ನಿನ ವಾದ: ಕಂಪನಿಗೆ ಬೇರೆ ಘಟಕಗಳೂ ಇವೆ, ಸಂಘ ಬಲವಾಗಿರುವುದು ಇಲ್ಲಿ, ಅದಕ್ಕೇ ಇದನ್ನು ಮುಚ್ಚುತ್ತಿದ್ದಾರೆ. ಬಹಳಷ್ಟು ವರದಿಗಳು ಈ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು ಮುಗಿದವು. ಒಬ್ಬರು ಆರ್ಡರ್ ಇಲ್ಲ ಎಂದರು, ಇನ್ನೊಬ್ಬರು ಸಂಘ ಮುರಿಯಲು ಎಂದರು. ಮನಸ್ಸಿನ ಒಳಗಿನ ಕಾರಣವನ್ನು ವರದಿಗಾರ ಸಾಬೀತು ಮಾಡಲಾರ. ಆದರೆ ಅದಕ್ಕೂ ಮೊದಲಿನ, ಹೌದು-ಇಲ್ಲ ಎಂದು ಉತ್ತರ ಸಿಗುವ ಒಂದು ಪ್ರಶ್ನೆ ಅಲ್ಲಿತ್ತು: ಸರ್ಕಾರದ ಅನುಮತಿ ಪಡೆದಿರಾ?

ಆಗ ಜಾರಿಯಲ್ಲಿದ್ದದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಲೇ-ಆಫ್ ಮಾಡುವ ಮೊದಲು ಸರ್ಕಾರದ ಅನುಮತಿ ಕೇಳಬೇಕಿತ್ತು. ವಿದ್ಯುತ್ ಅಭಾವ, ನೈಸರ್ಗಿಕ ವಿಕೋಪದಂಥ ಕಾರಣಗಳಿಗೆ ಮಾತ್ರ ವಿನಾಯಿತಿ. ಅರ್ಜಿಯ ಪ್ರತಿಯನ್ನು ಸಂಬಂಧಪಟ್ಟ ಕಾರ್ಮಿಕರಿಗೂ ಕೊಡಬೇಕು ಎಂದು ಅದೇ ಕಾಯ್ದೆ ಹೇಳುತ್ತಿತ್ತು. ಇಲ್ಲಿ ವರದಿಗಾರನಿಗೆ ಬೇಕಾದ ಕೊಂಡಿ ಸಿಗುತ್ತದೆ. ‘ಅರ್ಜಿ ಹಾಕಿದ ತಾರೀಖು ಯಾವುದು’ ಎಂದು ಆಡಳಿತವನ್ನು ಕೇಳಬಹುದು, ‘ಪ್ರತಿ ನಿಮ್ಮ ಕೈಗೆ ಬಂತಾ’ ಎಂದು ಕಾರ್ಮಿಕರನ್ನು ಕೇಳಬಹುದು, ‘ಅರ್ಜಿ ಬಂದಿದೆಯಾ’ ಎಂದು ಕಾರ್ಮಿಕ ಇಲಾಖೆಯನ್ನು ಕೇಳಬಹುದು. ಮೂವರಲ್ಲಿ ಯಾರೇ ತಪ್ಪು ಹೇಳಿದರೂ ಉಳಿದಿಬ್ಬರ ಉತ್ತರ ಅದನ್ನು ಹಿಡಿದುಕೊಡುತ್ತದೆ.

‘ಲೇ-ಆಫ್’ ಎಂಬ ಪದದಲ್ಲೇ ಒಂದು ಗುಂಡಿ ಇದೆ. ಇಂಗ್ಲಿಷ್ ಪತ್ರಿಕೆಗಳು ಕೆಲಸ ಹೋದದ್ದಕ್ಕೆಲ್ಲ ಆ ಪದ ಬಳಸುತ್ತವೆ. ನಮ್ಮ ದೇಶದ ಕಾನೂನಿನಲ್ಲಿ ಅದರ ಅರ್ಥ ಬೇರೆ. ಕಚ್ಚಾ ಸಾಮಗ್ರಿ ಇಲ್ಲ, ಕರೆಂಟ್ ಇಲ್ಲ, ಮಾಲು ಗೋದಾಮಿನಲ್ಲಿ ಬಿದ್ದಿದೆ, ಆದ್ದರಿಂದ ಸದ್ಯಕ್ಕೆ ಕೆಲಸ ಕೊಡಲಾಗುತ್ತಿಲ್ಲ ಎನ್ನುವುದು ಲೇ-ಆಫ್. ಕಾರ್ಮಿಕನ ಹೆಸರು ಮಸ್ಟರಿನಲ್ಲಿ ಉಳಿದಿರುತ್ತದೆ, ಅರ್ಧ ಸಂಬಳದ ಪರಿಹಾರ ಬರುತ್ತದೆ. ಹೆಸರನ್ನೇ ಹೊಡೆದುಹಾಕಿ ಕಾಯಂ ಆಗಿ ಮನೆಗೆ ಕಳಿಸಿದರೆ ಅದು ರಿಟ್ರೆಂಚ್‌ಮೆಂಟ್. ಶ್ರೀರಂಗಪಟ್ಟಣದ ನೋಟಿಸಿನಲ್ಲಿ ಇದ್ದದ್ದು ಮೊದಲನೆಯದು, ಹೆಣ್ಣುಮಕ್ಕಳಿಗೆ ಕಾಣಿಸಿದ್ದು ಎರಡನೆಯದು. ಸದ್ಯಕ್ಕೆ ಕೆಲಸ ಇಲ್ಲ ಅನ್ನುವವರು ಯಂತ್ರ ಯಾಕೆ ಸಾಗಿಸುತ್ತಾರೆ ಎಂಬುದು ಅವರ ಪ್ರಶ್ನೆ. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಪತ್ರಕರ್ತನೂ ಕೇಳಲಾರ.

ಕನ್ನಡದ ತಲೆಬರಹಗಳು ಇದಕ್ಕಿಂತ ಕೆಟ್ಟದ್ದೊಂದನ್ನು ಮಾಡುತ್ತವೆ. ಮೂರಕ್ಷರ ಬೇಕಿದ್ದ ಜಾಗದಲ್ಲಿ ‘ವಜಾ’ ಎಂದು ಬರೆದುಬಿಡುತ್ತವೆ. ತಪ್ಪು ಮಾಡಿದವನನ್ನು ವಿಚಾರಣೆ ನಡೆಸಿ ಕಳಿಸುವುದು ವಜಾ. ‘ಮುನ್ನೂರು ಜನ ವಜಾ’ ಎಂದು ಓದಿದ ಹೆಣ್ಣಿನ ಕಡೆಯವರು ಹುಡುಗ ಅಲ್ಲಿ ಏನೋ ಕಳವು ಮಾಡಿರಬೇಕು ಎಂದುಕೊಂಡರೆ ತಪ್ಪು ಅವರದಲ್ಲ. ನಮ್ಮೂರ ಬಾಯಿಮಾತು ಇದಕ್ಕಿಂತ ಎಷ್ಟೋ ಕರಾರುವಾಕ್ಕು: ‘ತಗದಾರ’, ‘ಬಿಡಿಸ್ಯಾರ’, ‘ಬಿಟ್ಟು ಬಂದಾನ’ ಎಂಬ ಮೂರು ಮಾತಿಗೆ ಮೂರು ಅರ್ಥ. ‘ಬಿಡಿಸ್ಯಾರ’ ಎಂದರೆ ಕಾಗದದ ಮೇಲೆ ತಾನೇ ಬಿಟ್ಟಿದ್ದಾನೆ, ನಿಜದಲ್ಲಿ ಬಿಡುವಂತೆ ಮಾಡಿದ್ದಾರೆ ಎಂದು. ಪತ್ರಿಕಾ ಭಾಷೆಯಲ್ಲಿ ಇದಕ್ಕೆ ಇನ್ನೂ ಒಂದು ಪದ ಹುಟ್ಟಿಲ್ಲ.

ಶ್ರೀರಂಗಪಟ್ಟಣದಲ್ಲಿ ಕೊನೆಗೆ ನಡೆದದ್ದೂ ಈ ‘ಬಿಡಿಸ್ಯಾರ’ ಬಗೆಯ ವಿವಾದವೇ. ವಾರಗಳ ಧರಣಿಯ ನಂತರ ಹೆಚ್ಚಿನವರು ರಾಜೀನಾಮೆ ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಂಡರು. ಸ್ವಇಚ್ಛೆಯಿಂದ ಕೊಟ್ಟರು ಎಂಬುದು ಒಂದು ಕಡೆಯ ಮಾತು, ಒತ್ತಡ ಹಾಕಿ ಕೊಡಿಸಿದರು ಎಂಬುದು ಇನ್ನೊಂದು ಕಡೆಯದು. ಅಲ್ಲಿಗೆ ಹೆಚ್ಚಿನ ಪತ್ರಿಕೆಗಳಿಗೆ ಸುದ್ದಿ ಮುಗಿಯಿತು. ಆದರೆ 2021ರ ಆರಂಭದಲ್ಲಿ ಕಂಪನಿ ಮತ್ತು ಸಂಘದ ನಡುವೆ ಒಪ್ಪಂದವಾಯಿತು. ಸಂಘಕ್ಕೆ ಮಾನ್ಯತೆ ಕೊಡುವುದು, ಕೆಲಸ ಕಳೆದುಕೊಂಡವರನ್ನು ಕಂಪನಿಯ ಇತರ ಘಟಕಗಳಲ್ಲಿ ಮರಳಿ ಸೇರಿಸಿಕೊಳ್ಳುವುದು ಅದರಲ್ಲಿ ಸೇರಿತ್ತು. 2020ರ ಜುಲೈ ತಿಂಗಳ ಪತ್ರಿಕೆಯನ್ನಷ್ಟೇ ಓದಿದವರ ತಲೆಯಲ್ಲಿ ಆ ಹೆಣ್ಣುಮಕ್ಕಳು ಇವತ್ತಿಗೂ ರಾಜೀನಾಮೆ ಕೊಟ್ಟೇ ಕುಳಿತಿದ್ದಾರೆ.

ರಾಜೀನಾಮೆ ಎಂಬ ಕಾಗದಕ್ಕೆ ಇಷ್ಟು ಬೆಲೆ ಯಾಕೆ ಎಂಬುದಕ್ಕೆ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಕಿತ್ತೂರಿನ ಒಬ್ಬಳು ಐನೂರು ಕಾರ್ಮಿಕರ ಕಾರ್ಖಾನೆಯಲ್ಲಿ ಎಂಟು ವರ್ಷ ದುಡಿದಿದ್ದಾಳೆ ಎಂದುಕೊಳ್ಳಿ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 9,000 ರೂಪಾಯಿ. ತಾನಾಗಿ ರಾಜೀನಾಮೆ ಕೊಟ್ಟರೆ ಅವಳಿಗೆ ಹಕ್ಕಾಗಿ ಬರುವುದು ಗ್ರಾಚ್ಯುಟಿ. ಸಂಬಳವನ್ನು 26ರಿಂದ ಭಾಗಿಸಿ, 15 ದಿನದ್ದು ತೆಗೆದು, ಎಂಟು ವರ್ಷಕ್ಕೆ ಗುಣಿಸಿದರೆ 41,538 ರೂಪಾಯಿ. ಪಿಎಫ್ ಅವಳದೇ ಹಣ, ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದು ಬೇಡ.

ಅದೇ ಕಂಪನಿಯೇ ಅವಳನ್ನು ಕಡಿತಗೊಳಿಸಿದರೆ ಈ ಗ್ರಾಚ್ಯುಟಿಯ ಮೇಲೆ ಮತ್ತೆರಡು ಮೊತ್ತಗಳು ಕೂಡುತ್ತವೆ. ಅನುಮತಿ ಬೇಕಾಗುವಷ್ಟು ದೊಡ್ಡ ಕಾರ್ಖಾನೆಯಾದ್ದರಿಂದ ಮೂರು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಮೂರು ತಿಂಗಳ ಸಂಬಳ, 27,000. ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರ, ಅಂದರೆ ಅರ್ಧ ತಿಂಗಳದ್ದು ಎಂಟು ಸಲ, 36,000. ಒಟ್ಟು 1,04,538. ಎರಡರ ನಡುವಿನ ಅಂತರ 63,000 ರೂಪಾಯಿ.

ಈಗ ಮ್ಯಾನೇಜರ್ ಒಬ್ಬರು ಅವಳನ್ನು ಕರೆದು, ‘ನೋಡವ್ವಾ, ಗ್ರಾಚ್ಯುಟಿ ಮ್ಯಾಲ ಇಪ್ಪತ್ತು ಸಾವಿರ ಹೆಚ್ಚಿಗೆ ಕೊಡ್ತೀವಿ, ಇದಕ್ಕ ಸಹಿ ಮಾಡು’ ಎಂದರೆ ಅದು ಔದಾರ್ಯದಂತೆಯೇ ಕೇಳಿಸುತ್ತದೆ. ಮರುದಿನದ ಹೇಳಿಕೆಯಲ್ಲಿ ‘ಕಾನೂನಿಗಿಂತ ಹೆಚ್ಚಿನ ಮೊತ್ತ ಪಡೆದು ಸ್ವಯಂಪ್ರೇರಿತರಾಗಿ ನಿರ್ಗಮಿಸಿದ್ದಾರೆ’ ಎಂದು ಇರುತ್ತದೆ. ರಾಜೀನಾಮೆ ಎಂದು ಒಪ್ಪಿಕೊಂಡರೆ ಆ ವಾಕ್ಯದಲ್ಲಿ ಸುಳ್ಳಿಲ್ಲ. ಕಡಿತ ಎಂದಾದರೆ ಅವಳ 43,000 ರೂಪಾಯಿ ಎಲ್ಲಿ ಎಂದು ಕೇಳಬೇಕಾಗುತ್ತದೆ. ಇದನ್ನು ವರದಿಗಾರ ತಾನೇ ತೀರ್ಪು ಕೊಟ್ಟು ಬರೆಯಬೇಕಿಲ್ಲ. ಎರಡೂ ಲೆಕ್ಕ ಅಚ್ಚು ಹಾಕಿ, ಸಹಿ ಮಾಡಿಸಿದ ಕೋಣೆಯಲ್ಲಿ ಏನು ನಡೆಯಿತು ಎಂಬ ಅವಳ ಮಾತನ್ನು ಅವಳದೆಂದು ಬರೆದು, ಅದಕ್ಕೆ ಕಂಪನಿಯ ಉತ್ತರ ಕೇಳಿದರೆ ಸಾಕು.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿದೆ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಎಂಬ ನಮ್ಮ ನಾಲ್ಕೂ ತಾಲ್ಲೂಕಿನ ವರದಿಗಾರರು ಇದರಲ್ಲಿ ನೆನಪಿಡಬೇಕಾದ ಅಂಕಿ ಒಂದೇ, 300. ಅನುಮತಿಯ ನಿಯಮ ಈಗ ಮುನ್ನೂರು ಕಾರ್ಮಿಕರಿದ್ದಲ್ಲಿಂದ ಶುರುವಾಗುತ್ತದೆ. ಅದಕ್ಕಿಂತ ಸಣ್ಣ ಕಾರ್ಖಾನೆಯಲ್ಲಿ ಒಂದು ತಿಂಗಳ ನೋಟಿಸ್ ಮತ್ತು ಪರಿಹಾರ ಸಾಕು, ಅನುಮತಿ ಬೇಡ. 280 ಜನರ ಕಾರ್ಖಾನೆಯ ಮೇಲೆ ‘ಅನುಮತಿಯಿಲ್ಲದೆ ಕಡಿತ’ ಎಂದು ಆರೋಪ ಬರೆದರೆ ಮರುದಿನ ತಿದ್ದುಪಡಿ ಹಾಕಬೇಕಾಗುತ್ತದೆ. ಹಾಗಾಗಿ ‘ಎಷ್ಟು ಜನರನ್ನು ತೆಗೆದಿರಿ’ ಎಂಬುದಕ್ಕೂ ಮುಂಚೆ ‘ಒಟ್ಟು ಎಷ್ಟು ಜನ ಇದ್ದರು’ ಎಂದು ಕೇಳಬೇಕು.

ಎಷ್ಟು ಜನ ಎಂಬ ಪ್ರಶ್ನೆಗೆ ಮೈಸೂರಿನ ಪ್ರಕರಣ ಒಳ್ಳೆಯ ಪಾಠ. 2025ರ ಫೆಬ್ರುವರಿ 7ರಂದು ಇನ್ಫೊಸಿಸ್ ತನ್ನ ಮೈಸೂರು ಕ್ಯಾಂಪಸ್ಸಿನ ಹಲವು ತರಬೇತಿ ಅಭ್ಯರ್ಥಿಗಳನ್ನು ಮನೆಗೆ ಕಳಿಸಿತು. ಅವರಲ್ಲಿ ಅನೇಕರು 2022ರಲ್ಲೇ ನೇಮಕದ ಪತ್ರ ಪಡೆದು, ಎರಡು ವರ್ಷ ಕಾದು, 2024ರಲ್ಲಿ ಸೇರಿದ್ದರು. ಕಂಪನಿಯ ಪ್ರಕಾರ ಸಂಖ್ಯೆ ಮುನ್ನೂರರ ಆಸುಪಾಸು. ನೈಟ್ಸ್ ಎಂಬ ಐಟಿ ನೌಕರರ ಸಂಘಟನೆಯ ಪ್ರಕಾರ ಸುಮಾರು ಏಳುನೂರು. ಕೆಲವು ಪತ್ರಿಕೆಗಳು ‘300ರಿಂದ 700’ ಎಂದು ಬರೆದು ಕೈತೊಳೆದುಕೊಂಡವು. ಎರಡು ಭಿನ್ನ ಹೇಳಿಕೆಗಳನ್ನು ಜೋಡಿಸಿ ಒಂದು ಅಂದಾಜು ಹುಟ್ಟಿಸುವುದು ಲೆಕ್ಕವೂ ಅಲ್ಲ, ಸುದ್ದಿಯೂ ಅಲ್ಲ. ಯಾರು ಯಾವ ಸಂಖ್ಯೆ ಹೇಳಿದರು, ಅವರಿಗೆ ಅದು ಗೊತ್ತಾದದ್ದು ಹೇಗೆ ಎಂದು ಬರೆಯುವುದು ಸುದ್ದಿ. ಕಂಪನಿಯ ಬಳಿ ಪಟ್ಟಿ ಇರುತ್ತದೆ, ಅದನ್ನು ಕೊಡುವುದಿಲ್ಲ. ಸಂಘಟನೆ ದೂರು ಕೊಟ್ಟವರನ್ನೂ ಅವರು ಹೇಳಿದ ಬ್ಯಾಚುಗಳನ್ನೂ ಕೂಡಿಸಿ ಅಂದಾಜು ಮಾಡುತ್ತದೆ. ಎರಡರ ತೂಕ ಬೇರೆ, ದೌರ್ಬಲ್ಯವೂ ಬೇರೆ.

ಕಂಪನಿಯ ಒಂದು ಹೇಳಿಕೆಯನ್ನು ಅದರದೇ ಇನ್ನೊಂದು ಹೇಳಿಕೆಗೆ ಹಚ್ಚಿ ನೋಡುವ ದಾರಿಯೂ ಇದೆ. ಟಿಸಿಎಸ್ 2025ರ ಜುಲೈನಲ್ಲಿ ಸುಮಾರು ಹನ್ನೆರಡು ಸಾವಿರ, ಅಂದರೆ ಶೇ 2ರಷ್ಟು ನೌಕರರನ್ನು ಕಡಿಮೆ ಮಾಡುವುದಾಗಿ ಹೇಳಿತು. ಜೂನ್ ಕೊನೆಗೆ 6,13,069 ಇದ್ದ ನೌಕರರ ಸಂಖ್ಯೆ ಸೆಪ್ಟೆಂಬರ್ ಕೊನೆಗೆ 5,93,314ಕ್ಕೆ ಇಳಿದದ್ದು ಅದೇ ಕಂಪನಿಯ ತ್ರೈಮಾಸಿಕ ವರದಿಯಲ್ಲಿದೆ. ವ್ಯತ್ಯಾಸ 19,755. ‘ನೋಡಿ, ಸುಳ್ಳು ಹಿಡಿದೆ’ ಎಂದು ಇಲ್ಲಿ ಕುಣಿಯಬಾರದು. ತಾವೇ ಬಿಟ್ಟು ಹೋದವರೂ ಇದರಲ್ಲಿದ್ದಾರೆ, ಹೊಸದಾಗಿ ಸೇರಿದವರನ್ನು ಕೂಡಿಸಿಯೂ ಇಷ್ಟು ಇಳಿದಿದೆ. ಈ ಅಂಕಿ ಏನನ್ನೂ ಸಾಬೀತು ಮಾಡುವುದಿಲ್ಲ. ಆದರೆ ಮುಂದಿನ ಪ್ರಶ್ನೆಯನ್ನು ಚೂಪು ಮಾಡುತ್ತದೆ: ಉಳಿದವರು ರಾಜೀನಾಮೆ ಕೊಟ್ಟವರೇ, ಕೊಡಿಸಿಕೊಂಡವರೇ?

ಮೈಸೂರಿಗೆ ಮರಳೋಣ. ಎಲ್ಲರಿಗೂ ಮೂರು ಅವಕಾಶ ಇರುತ್ತದೆ, ಆಂತರಿಕ ಪರೀಕ್ಷೆ ಪಾಸಾಗದವರು ಮುಂದುವರಿಯಲಾಗದು, ಇದು ಅವರ ಒಪ್ಪಂದದಲ್ಲೇ ಇದೆ, ಎರಡು ದಶಕದಿಂದ ನಡೆದುಬಂದ ಪದ್ಧತಿ ಎಂದು ಕಂಪನಿ ಹೇಳಿತು. ಪರೀಕ್ಷೆಯನ್ನೇ ಕಠಿಣಗೊಳಿಸಿದರು, ಕೋಣೆಗೆ ಕರೆದು ಸಹಿ ಮಾಡಿಸಿದರು, ಭದ್ರತಾ ಸಿಬ್ಬಂದಿ ಮತ್ತು ಬೌನ್ಸರ್‌ಗಳನ್ನು ನಿಲ್ಲಿಸಿದ್ದರು ಎಂಬ ಆರೋಪ ಹುಡುಗರ ಮತ್ತು ಸಂಘಟನೆಯ ಕಡೆಯಿಂದ ಬಂತು. ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯಕ್ಕೆ ಪತ್ರ ಬರೆಯಿತು, ಇಲಾಖೆಯ ಅಧಿಕಾರಿಗಳು ಹೋಗಿ ನೋಡಿದರು. ಇವರು ತರಬೇತಿಯಲ್ಲಿದ್ದವರು, ಕಾಯಂ ನೌಕರರಲ್ಲ, ಹಾಗಾಗಿ ಇದು ಲೇ-ಆಫ್ ಅಲ್ಲ ಎಂಬ ನಿಲುವು ಅಧಿಕಾರಿಗಳಿಂದ ಬಂತು.

ಎರಡು ಕಡೆಯ ಮಾತುಗಳನ್ನು ಗಮನವಿಟ್ಟು ಓದಿದರೆ ಅವು ಒಂದನ್ನೊಂದು ಅಲ್ಲಗಳೆಯುವುದೇ ಇಲ್ಲ. ಕಂಪನಿ ಹೇಳಿದ್ದು ನಿಯಮ. ಹುಡುಗರು ಹೇಳಿದ್ದು ನಿಯಮ ನಡೆದ ರೀತಿ. ಮೂರು ಅವಕಾಶ ಕೊಟ್ಟದ್ದೂ ನಿಜವಿರಬಹುದು, ಮೂರನೆಯದು ಮೊದಲಿನ ಬ್ಯಾಚುಗಳಿಗಿಂತ ಕಠಿಣವಿದ್ದದ್ದೂ ನಿಜವಿರಬಹುದು. ಒಬ್ಬರದನ್ನು ಇನ್ನೊಬ್ಬರದಕ್ಕೆ ‘ಪ್ರತಿಕ್ರಿಯೆ’ ಎಂಬಂತೆ ಅಚ್ಚು ಹಾಕಿದಾಗ ಓದುಗನಿಗೆ ಜಗಳ ಕಾಣುತ್ತದೆ, ವಿಷಯ ಕಾಣುವುದಿಲ್ಲ. ನಿಯಮ ಹೇಳಿದವರಿಗೆ ನಡೆದ ರೀತಿಯ ಪ್ರಶ್ನೆ ಹೋಗಬೇಕಿತ್ತು: ಹಿಂದಿನ ಬ್ಯಾಚಿನಲ್ಲಿ ಶೇಕಡಾ ಎಷ್ಟು ಜನ ಪಾಸಾಗಿದ್ದರು, ಈ ಬ್ಯಾಚಿನಲ್ಲಿ ಎಷ್ಟು? ನಡೆದ ರೀತಿ ಹೇಳಿದವರಿಗೆ ನಿಯಮದ ಪ್ರಶ್ನೆ ಹೋಗಬೇಕಿತ್ತು: ಒಪ್ಪಂದದ ಪ್ರತಿ ಇದೆಯಾ, ತೋರಿಸುತ್ತೀಯಾ?

ಕೊನೆಯ ಪ್ರಶ್ನೆ ಕೇಳುವುದರಲ್ಲಿ ಬೆಂಗಳೂರಿನ ವರದಿಗಾರನಿಗಿಂತ ನಮಗೇ ಅನುಕೂಲ ಹೆಚ್ಚು. ಅವನು ಗೇಟಿನ ಹೊರಗೆ ಮೈಕು ಹಿಡಿದು ನಿಂತಾಗ ಹುಡುಗ ಮುಖ ಮುಚ್ಚಿಕೊಂಡು ಓಡುತ್ತಾನೆ. ಅದೇ ಹುಡುಗ ರಾಮದುರ್ಗದ ತನ್ನ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿರುತ್ತಾನೆ. ಕಾಗದಗಳು ಟ್ರಂಕಿನಲ್ಲಿರುತ್ತವೆ. ಅವಸರವಿಲ್ಲ.

ಟ್ರಂಕಿನಿಂದ ಮೊದಲು ಹೊರಬರಬೇಕಾದದ್ದು ಕೊನೆಯ ಸಂಬಳದ ಚೀಟಿ. ಅದರ ನೆತ್ತಿಯ ಮೇಲೆ ಯಾರ ಹೆಸರಿದೆ ನೋಡಬೇಕು. ಕಿತ್ತೂರಿನಿಂದ ಹೆದ್ದಾರಿ ಹಿಡಿದು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ದಿನಾ ಹೋಗಿ ಬರುವವರಿದ್ದಾರೆ. ಯಾರನ್ನು ಕೇಳಿದರೂ ದೊಡ್ಡ ಕಂಪನಿಯ ಹೆಸರನ್ನೇ ಹೇಳುತ್ತಾರೆ, ಯೂನಿಫಾರ್ಮಿನ ಮೇಲೂ ಅದೇ ಇರುತ್ತದೆ. ಚೀಟಿಯ ಮೇಲೆ ಮಾತ್ರ ಒಬ್ಬ ಗುತ್ತಿಗೆದಾರನ ಹೆಸರು. ಪಿಎಫ್ ಪಾಸ್‌ಬುಕ್ಕಿನಲ್ಲೂ ಅವನದೇ ಹೆಸರು. ‘ನಾವು ಒಬ್ಬ ನೌಕರನನ್ನೂ ತೆಗೆದಿಲ್ಲ’ ಎಂದು ಇಂಥ ಕಂಪನಿ ಹೇಳಿಕೆ ಕೊಟ್ಟರೆ ಅಕ್ಷರಶಃ ಅದು ನಿಜ. ‘ಅರವತ್ತು ಜನರನ್ನು ಮನೆಗೆ ಕಳಿಸಿದರು’ ಎಂಬ ಕಾರ್ಮಿಕರ ಮಾತೂ ನಿಜ. ಕೇಳಬೇಕಾದದ್ದು ಬೇರೆ: ಈ ಗುತ್ತಿಗೆದಾರನೊಂದಿಗಿನ ಕರಾರು ಯಾವಾಗ ಮುಗಿಯಿತು, ಆ ಯಂತ್ರಗಳ ಮೇಲೆ ಈಗ ಯಾರು ನಿಂತಿದ್ದಾರೆ? ಕರಾರು ಮುಗಿದದ್ದೇ ಕಾರಣವಾದರೆ ಕಡಿತದ ಪರಿಹಾರದ ಮಾತು ಗುತ್ತಿಗೆದಾರನ ಬಾಗಿಲಿಗೆ ಹೋಗುತ್ತದೆ. ಅವನ ಹೇಳಿಕೆ ಇಲ್ಲದ ವರದಿ ಅಲ್ಲಿಗೆ ಅರ್ಧವೇ.

ಪಿಎಫ್ ಖಾತೆಯಲ್ಲಿ ಇನ್ನೊಂದು ಸಾಕ್ಷಿ ಇರುತ್ತದೆ, ನಿರ್ಗಮನದ ದಿನಾಂಕ. ಮಾಲೀಕ ಅದನ್ನು ತುಂಬಿದ್ದರೆ ಕಾರ್ಮಿಕ ತನ್ನ ಯುಎಎನ್ ಬಳಸಿ ಮೊಬೈಲಿನಲ್ಲೇ ನೋಡಬಹುದು. ‘ಇನ್ನೂ ಯಾರನ್ನೂ ತೆಗೆದಿಲ್ಲ, ಮಾತುಕತೆ ನಡೆದಿದೆ’ ಎಂದು ಹೇಳಿಕೆ ಬಂದ ದಿನ ಆ ಖಾನೆಯಲ್ಲಿ ಹಿಂದಿನ ತಿಂಗಳ ತಾರೀಖು ಬಿದ್ದಿದ್ದರೆ ವರದಿಗಾರನಿಗೆ ಬೇರೆ ತಲೆಬರಹ ಹುಡುಕುವ ಕಷ್ಟವಿಲ್ಲ. ಹಾಗೆಂದು ಒಬ್ಬನ ಖಾತೆ ನೋಡಿ ಎಲ್ಲರದೂ ಹೀಗೇ ಎನ್ನಬಾರದು. ಬೇರೆ ಬೇರೆ ವಿಭಾಗದ ಐದಾರು ಜನರದನ್ನಾದರೂ ನೋಡಬೇಕು.

ಊರಲ್ಲಿ ಕುಳಿತು ಬರೆಯುವುದಕ್ಕೆ ಅನುಕೂಲವಿದ್ದಷ್ಟೇ ಅಪಾಯವೂ ಇದೆ. ಅದನ್ನು ನಾನು ನನ್ನ ತಪ್ಪಿನಿಂದಲೇ ಕಲಿತದ್ದು. ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಬಗ್ಗೆ ಬರೆಯುವಾಗ ಮಾತಾಡಿದವನ ಹೆಸರು ಬದಲಿಸಿದ್ದೆ, ಜಾಣತನ ಮಾಡಿದೆ ಎಂದುಕೊಂಡಿದ್ದೆ. ಆದರೆ ಊರು ಬರೆದಿದ್ದೆ, ವಿಭಾಗ ಬರೆದಿದ್ದೆ, ‘ಹನ್ನೊಂದು ವರ್ಷದಿಂದ ದುಡಿಯುತ್ತಿರುವ’ ಎಂದೂ ಬರೆದಿದ್ದೆ. ಆ ಊರಿನಿಂದ ಆ ವಿಭಾಗಕ್ಕೆ ಹೋಗುತ್ತಿದ್ದವನು ಅವನೊಬ್ಬನೇ. ಮರುದಿನ ಸೂಪರ್‌ವೈಜರ್ ಪೇಪರ್ ಹಿಡಿದುಕೊಂಡೇ ಅವನ ಬಳಿ ಬಂದನಂತೆ. ‘ಹೆಸರ ಒಂದ ಖರೇ ಹಾಕಿದ್ರ ಆಗತಿತ್ತರಿ, ಉಳದಿದ್ದೆಲ್ಲಾ ಹಾಕಿದ್ರಿ’ ಎಂದು ಅವನು ನಕ್ಕೇ ಹೇಳಿದ. ನನಗೆ ನಗಲಾಗಲಿಲ್ಲ.

ಸಣ್ಣ ಊರಿನಲ್ಲಿ ಗುರುತು ಇರುವುದು ಹೆಸರಿನಲ್ಲಲ್ಲ. ಈಗ ನಾನು ಊರು ಬಿಟ್ಟು ತಾಲ್ಲೂಕು ಬರೆಯುತ್ತೇನೆ, ವರ್ಷದ ಬದಲು ‘ದಶಕಕ್ಕೂ ಹೆಚ್ಚು’ ಎನ್ನುತ್ತೇನೆ. ಬರೆದ ಸಾಲನ್ನು ಅವನಿಗೇ ಓದಿ ಹೇಳಿ, ‘ಇದರಿಂದ ನೀನಂತ ಗೊತ್ತಾಗತೈತೇನು’ ಎಂದು ಕೇಳುತ್ತೇನೆ. ಸಹಿ ಮಾಡಿದ ಕಾಗದದಲ್ಲಿ ಗೋಪ್ಯತೆಯ ಕರಾರು ಇದೆಯೇ ಎಂದು ಮೊದಲೇ ನೋಡಿಕೊಳ್ಳುತ್ತೇನೆ. ಅವನ ಬಾಕಿ ಹಣ ಇನ್ನೂ ಕಂಪನಿಯ ಕೈಯಲ್ಲಿದ್ದರೆ ನಾಳೆಯ ಪತ್ರಿಕೆಗಿಂತ ಅದು ದೊಡ್ಡದು.

ನಾಲ್ಕೂ ತಾಲ್ಲೂಕಿನ ಓದುಗರಿಗೆ ಹತ್ತಿರದ ಕಾರ್ಖಾನೆ ಎಂದರೆ ಸಕ್ಕರೆಯದು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ, ಮುನವಳ್ಳಿಯ ರೇಣುಕಾ, ರಾಮದುರ್ಗ ಸೀಮೆಯ ಕಾರ್ಖಾನೆಗಳು ನಮ್ಮ ನಿತ್ಯದ ಭೂಗೋಳ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಹೋಗುವ ರೀತಿಯೇ ಬೇರೆ, ಅದನ್ನು ಹಿಡಿಯುವುದಕ್ಕೆ ಪಂಚಾಂಗ ಬೇಕು. ನುರಿಸುವ ಹಂಗಾಮು ಮುಗಿದು ಹಂಗಾಮಿ ಕಾರ್ಮಿಕರು ಮನೆಗೆ ಬಂದರೆ ಅದು ಸುದ್ದಿಯಲ್ಲ, ಪ್ರತಿ ವರ್ಷ ನಡೆಯುವುದು. ಹೊಸ ವರದಿಗಾರ ಬೇಸಿಗೆಯಲ್ಲಿ ‘ನೂರಾರು ಕಾರ್ಮಿಕರು ಬೀದಿಗೆ’ ಎಂದು ಬರೆದು ನಗೆಗೀಡಾಗುತ್ತಾನೆ. ಹಂಗಾಮಿ ಸ್ವರೂಪದ ಕಾರ್ಖಾನೆಗೆ ಅನುಮತಿಯ ನಿಯಮವೂ ಅನ್ವಯಿಸುವುದಿಲ್ಲ.

ನಿಜವಾದ ಕಡಿತ ನಡೆಯುವುದು ಅಕ್ಟೋಬರ್-ನವೆಂಬರಿನಲ್ಲಿ, ಯಾರಿಗೂ ನೋಟಿಸ್ ಕೊಡದೆ, ಬರೀ ಕರೆಯದೇ ಇರುವುದರಿಂದ. ಸ್ವಾಮಿಗಳ ಸಾನ್ನಿಧ್ಯದಲ್ಲಿ ಬಾಯ್ಲರ್ ಪ್ರದೀಪನ ಸಮಾರಂಭ ಆಗುತ್ತದೆ, ನಾವೆಲ್ಲ ಹೋಗಿ ಫೋಟೊ ತರುತ್ತೇವೆ. ಹೋದ ಹಂಗಾಮಿನಲ್ಲಿ ಎಷ್ಟು ಹಂಗಾಮಿಗಳಿದ್ದರು, ಈ ಸಲ ಎಷ್ಟು ಜನರಿಗೆ ಕರೆ ಹೋಗಿದೆ ಎಂಬ ಪ್ರಶ್ನೆಯನ್ನು ಆ ವೇದಿಕೆಯ ಹಿಂದೆ ನಿಂತು ಕೇಳಿದವರು ಕಡಿಮೆ. ಕಾರಣವನ್ನು ಮುಚ್ಚಿಡುವುದಿಲ್ಲ. ತಾಲ್ಲೂಕು ವರದಿಗಾರನ ಕೈಯಲ್ಲಿ ಒಂದು ಕಡೆ ನೋಟ್‌ಬುಕ್ಕು, ಇನ್ನೊಂದು ಕಡೆ ಜಾಹೀರಾತಿನ ರಸೀದಿ ಪುಸ್ತಕ. ದೀಪಾವಳಿಯ ಶುಭಾಶಯದ ಜಾಹೀರಾತು ಕೊಡುವವರೂ ಅವರೇ, ಹೇಳಿಕೆ ಕೊಡಬೇಕಾದವರೂ ಅವರೇ. ಈ ಗಂಟು ಬಿಚ್ಚದೆ ಸಮತೋಲನದ ಮಾತಾಡುವುದು ನನಗೆ ಸ್ವಲ್ಪ ನಾಚಿಕೆಯ ವಿಷಯ. ನಾನು ಕಂಡುಕೊಂಡ ದಾರಿ ಸಣ್ಣದು. ಕಡಿತದ ಸುದ್ದಿಯನ್ನು ಜಾಹೀರಾತು ತರುವವನೇ ಬರೆಯಬಾರದು, ಪಕ್ಕದ ತಾಲ್ಲೂಕಿನವನಿಗೆ ಕೊಡಬೇಕು. ಬೈಲಹೊಂಗಲದ್ದನ್ನು ಸವದತ್ತಿಯವನು, ಸವದತ್ತಿಯದನ್ನು ಬೈಲಹೊಂಗಲದವನು.

ಆಡಳಿತ ಮಂಡಳಿಗೆ ಪ್ರಶ್ನೆ ಕಳಿಸುವ ವೇಳೆಯೂ ಮುಖ್ಯ. ರಾತ್ರಿ ಎಂಟೂವರೆಗೆ ಕಾರ್ಖಾನೆಯ ಸ್ಥಿರ ದೂರವಾಣಿಗೆ ರಿಂಗ್ ಕೊಟ್ಟು, ಒಂಬತ್ತಕ್ಕೆ ‘ಆಡಳಿತ ಮಂಡಳಿ ಪ್ರತಿಕ್ರಿಯೆಗೆ ಲಭ್ಯವಾಗಲಿಲ್ಲ’ ಎಂದು ಬರೆಯುವುದು ಮೋಸ. ನಾನೂ ಮಾಡಿದ್ದೇನೆ. ಪ್ರಶ್ನೆಗಳನ್ನು ಬರೆದು ಬೆಳಗ್ಗೆಯೇ ಕಳಿಸಬೇಕು, ಇಂತಿಷ್ಟು ಗಂಟೆಯೊಳಗೆ ಉತ್ತರ ಬೇಕು ಎಂದು ಹೇಳಬೇಕು. ಐದು ಪ್ರಶ್ನೆ ಕೇಳಿ ಎರಡಕ್ಕೆ ಮಾತ್ರ ಉತ್ತರ ಬಂದರೆ ಯಾವ ಮೂರಕ್ಕೆ ಬರಲಿಲ್ಲ ಎಂಬುದನ್ನು ಅಚ್ಚು ಹಾಕಬೇಕು. ‘ಮಾರುಕಟ್ಟೆಯ ಪರಿಸ್ಥಿತಿಗೆ ಅನುಗುಣವಾಗಿ ಮರುಹೊಂದಾಣಿಕೆ’ ಎಂಬಂಥ ಸಾಲು ಬಂದರೆ ಅದನ್ನು ಉದ್ಧರಣ ಚಿಹ್ನೆಯೊಳಗೇ ಇಡಬೇಕು, ನಮ್ಮ ವಾಕ್ಯವಾಗಿ ಮಾಡಿಕೊಳ್ಳಬಾರದು. ಕಾರ್ಮಿಕರ ‘ಬೀದಿಪಾಲು’ ಎಂಬ ಮಾತಿಗೂ ಅದೇ ಚಿಹ್ನೆ.

ಹೊಸ ಸಂಹಿತೆಯಲ್ಲಿ ಮರುಕೌಶಲ ನಿಧಿ ಎಂದೊಂದು ಇದೆ. ಕಡಿತಗೊಂಡ ಪ್ರತಿ ಕಾರ್ಮಿಕನ ಕೊನೆಯ ವೇತನದ 15 ದಿನದಷ್ಟನ್ನು ಮಾಲೀಕ ಅದಕ್ಕೆ ಕಟ್ಟಬೇಕು, ಆ ಹಣ 45 ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಮೇಲಿನ ಲೆಕ್ಕದ ಕಿತ್ತೂರಿನವಳಿಗಾದರೆ 4,500 ರೂಪಾಯಿ. ಕಂಪನಿಯ ಹೇಳಿಕೆಯಲ್ಲಿ ‘ಎಲ್ಲ ಬಾಕಿ ಚುಕ್ತಾ’ ಎಂದು ಬಂದ ದಿನವೇ ನಾನು ಡೈರಿಯಲ್ಲಿ ನಲವತ್ತಾರನೆಯ ದಿನದ ಪುಟ ತೆಗೆದು ಅವಳ ಫೋನ್ ನಂಬರ್ ಬರೆದಿಡುತ್ತೇನೆ. ಅಷ್ಟೊತ್ತಿಗೆ ಪತ್ರಿಕೆಗೆ ಬೇರೆ ಸುದ್ದಿ ಬಂದಿರುತ್ತದೆ. ಫೋನ್ ಮಾಡಿ ಕೇಳುವುದು ಒಂದೇ ಮಾತು: ‘ಪಾಸ್‌ಬುಕ್ ಎಂಟ್ರಿ ಮಾಡಿಸೀಯೇನವ್ವಾ?’